ಸೂಜಿ ಚುಚ್ಚುವ ಮೊದಲೇ ಟೈಟರ್ ಎಷ್ಟು ಅಂತ ಗೊತ್ತಿರಲಿ

ಸೂಜಿ ಚುಚ್ಚಿದ ಗಾಯದ ಬಗ್ಗೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಅಸೈನ್‌ಮೆಂಟ್ ಕೊಟ್ಟರೆ ಹೆಚ್ಚಿನವರು ಅಚ್ಚುಕಟ್ಟಾಗಿ ಬರೆದು ತರುತ್ತಾರೆ. ಕ್ಯಾಪ್ ಮರಳಿ ಹಾಕಬಾರದು, ಸೋಪು ನೀರಿನಲ್ಲಿ ತೊಳೆಯಬೇಕು, ವರದಿ ಮಾಡಬೇಕು, ಸಿಬ್ಬಂದಿಗೆ ತರಬೇತಿ ಕೊಡಬೇಕು. ಎಲ್ಲವೂ ಸರಿ. ಆದರೆ ಯಾರು, ಎಷ್ಟು ಹೊತ್ತಿಗೆ, ಏನನ್ನು ಕೈಯಲ್ಲಿ ಹಿಡಿದು ಮಾಡಬೇಕು ಅನ್ನೋದು ಅದರಲ್ಲಿ ಇರುವುದಿಲ್ಲ. ಹಾಗಾಗಿ ಮಂಗಳೂರಿನ ಒಂದು ವಾರ್ಡಿನಲ್ಲಿ ನಡೆದ ಘಟನೆಯನ್ನು ಗಡಿಯಾರ ಇಟ್ಟುಕೊಂಡು ನೋಡೋಣ. ಆಸ್ಪತ್ರೆಯ ಹೆಸರು ಬೇಡ.

ಮಳೆಗಾಲ. ವಾರ್ಡ್ ತುಂಬ ಡೆಂಗಿ ಜ್ವರದವರು. ಪ್ಲೇಟ್‌ಲೆಟ್ ಎಣಿಕೆಗೆ ಮತ್ತೆ ಮತ್ತೆ ರಕ್ತ ತೆಗೆಯಬೇಕು. ನೈಟ್ ಡ್ಯೂಟಿಯಲ್ಲಿದ್ದ ವಿದ್ಯಾರ್ಥಿನಿ ಸಿರಿಂಜಿನಲ್ಲಿ ರಕ್ತ ಎಳೆದಳು. ನೇರಳೆ ಮುಚ್ಚಳದ ಟ್ಯೂಬನ್ನು ಎಡಗೈಯಲ್ಲಿ ಹಿಡಿದು, ಸೂಜಿಯನ್ನು ಅದರ ರಬ್ಬರಿಗೆ ಒತ್ತಿದಳು. ಸೂಜಿ ಜಾರಿತು. ಗ್ಲೌಸ್ ದಾಟಿ ತೋರುಬೆರಳಿಗೆ ಆಳಕ್ಕೆ ಇಳಿಯಿತು. ಆಗ ರಾತ್ರಿ 1.40.

ಇದು ಅಪಾಯ ಜಾಸ್ತಿ ಇರುವ ಗಾಯ. ಸೂಜಿ ಟೊಳ್ಳು, ಒಳಗೆ ಹಸಿ ರಕ್ತ ಇದೆ, ಅದು ನೇರ ರಕ್ತನಾಳದಿಂದ ಬಂದದ್ದು, ಚುಚ್ಚಿದ್ದೂ ಆಳ. ಹೊಲಿಗೆ ಸೂಜಿ ಚರ್ಮಕ್ಕೆ ಗೀರಿದ್ದಕ್ಕೂ ಇದಕ್ಕೂ ತುಂಬ ವ್ಯತ್ಯಾಸ ಇದೆ. ತಡೆಯುವುದು ಕಷ್ಟವೇನೂ ಇರಲಿಲ್ಲ. ಹೋಲ್ಡರ್ ಬಳಸಿ ನೇರವಾಗಿ ಟ್ಯೂಬಿಗೇ ರಕ್ತ ತೆಗೆದರೆ ಸಿರಿಂಜಿನ ಕೆಲಸವೇ ಇಲ್ಲ. ಸಿರಿಂಜ್ ಬಳಸಲೇಬೇಕಾದರೆ ಟ್ಯೂಬನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಒಂದೇ ಕೈಯಲ್ಲಿ ಸೂಜಿ ಇಳಿಸಬೇಕು. ಇನ್ನೊಂದು ಕೈ ಅಲ್ಲಿ ಇರಲೇಬಾರದು. ಟ್ಯೂಬ್ ಸ್ಟ್ಯಾಂಡ್ ಲ್ಯಾಬಿನಲ್ಲಿ ಇತ್ತು, ವಾರ್ಡಿನ ಟ್ರಾಲಿಯಲ್ಲಿ ಇರಲಿಲ್ಲ.

ಅವಳು ಹೆದರಿ ಬೆರಳು ಹಿಂಡಿದಳು, ಮೇಲೆ ಸ್ಪಿರಿಟ್ ಸುರಿದಳು. ಎರಡೂ ಬೇಡ. ಹಿಂಡಿದರೆ ವೈರಸ್ ಹೊರಗೆ ಬರುವುದಿಲ್ಲ, ಜಾಗಕ್ಕೆ ಪೆಟ್ಟಾಗುತ್ತದೆ ಅಷ್ಟೇ. ಗ್ಲೌಸ್ ತೆಗೆದು, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದರೆ ಸಾಕು. ಆಮೇಲೆ ಯಾರಿಗೂ ಹೇಳದೆ ಸುಮ್ಮನಿದ್ದಳು. ಬೈಗುಳದ ಭಯ. ವಾರ್ಡ್ ಸಿಸ್ಟರ್ ಹತ್ತಿರ ಬಂದು "ಸ್ವಲ್ಪ ಚುಚ್ಚಿದ್ದಷ್ಟೇ ಸಿಸ್ಟರ್, ಏನಾಗುದಿಲ್ಲ ಅಲ್ವಾ?" ಅಂತ ಕೇಳಿದಾಗ ಗಂಟೆ 4.15.

ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. 72 ಗಂಟೆ ದಾಟಿದರೆ ಕೊಟ್ಟು ಪ್ರಯೋಜನವಿಲ್ಲ. ಎರಡು ಗಂಟೆ ಆಗಲೇ ಕಳೆದಿತ್ತು. ರೋಗಿಗೆ ಎಚ್‌ಐವಿ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಡ್ಯೂಟಿ ಡಾಕ್ಟರ್ ರಿಪೋರ್ಟಿಗೆ ಕಾಯಲಿಲ್ಲ, ಮೊದಲ ಡೋಸ್ ಕೊಡಿಸಿದರು. ಈ ತೀರ್ಮಾನ ಸರಿ. ಒಂದು ಡೋಸಿನಿಂದ ಹಾನಿಯಿಲ್ಲ, ಬೇಡವಾದರೆ ನಿಲ್ಲಿಸಬಹುದು. ಈಗ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಮಾತ್ರೆ. ದಿನಕ್ಕೊಂದು, ಒಟ್ಟು 28 ದಿನ. ಕಬ್ಬಿಣ, ಕ್ಯಾಲ್ಸಿಯಂ ಅಥವಾ ಆಸಿಡಿಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಅವು ಡೊಲುಟೆಗ್ರಾವಿರ್ ದೇಹಕ್ಕೆ ಸೇರುವುದನ್ನು ತಡೆಯುತ್ತವೆ, ಹೊತ್ತು ಬಿಟ್ಟು ತೆಗೆದುಕೊಳ್ಳಬೇಕು.

ಇದರ ಜೊತೆಗೇ ರೋಗಿಗೆ ವಿಷಯ ತಿಳಿಸಿ, ಒಪ್ಪಿಗೆ ಪಡೆದು, ಅವರ ರಕ್ತ ಪರೀಕ್ಷೆಗೆ ಹೋಯಿತು: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ. ವಿದ್ಯಾರ್ಥಿನಿಯ ರಕ್ತವನ್ನೂ ಆಗಲೇ ತೆಗೆದರು. ಸೋಂಕು ತಗುಲಿತೇ ಅಂತ ನೋಡಲು ಅಲ್ಲ, ಅಷ್ಟು ಬೇಗ ಅದು ಕಾಣುವುದಿಲ್ಲ. ಗಾಯದ ದಿನ ಅವಳಿಗೆ ಸೋಂಕು ಇರಲಿಲ್ಲ ಅನ್ನುವುದಕ್ಕೆ ದಾಖಲೆ ಬೇಕು. ನಾಳೆ ಏನಾದರೂ ಆದರೆ ಅವಳ ಪರವಾಗಿ ನಿಲ್ಲುವುದು ಆ ಒಂದು ರಿಪೋರ್ಟ್.

5 ಗಂಟೆಗೆ ರೋಗಿಯ ರಿಪೋರ್ಟ್ ಬಂತು. ಎಚ್‌ಐವಿ ನೆಗೆಟಿವ್. ಇತ್ತೀಚೆಗೆ ಸೋಂಕು ತಗುಲಿರುವ ಸಾಧ್ಯತೆ ಇದೆಯೇ ಎಂದು ಡಾಕ್ಟರ್ ರೋಗಿಯನ್ನು ವಿಚಾರಿಸಿ, ಇಲ್ಲ ಅನಿಸಿದ ಮೇಲೆ ಮಾತ್ರೆ ನಿಲ್ಲಿಸಿದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಅದೇ ಹಾಳೆಯ ಕೆಳಗಿನ ಸಾಲಿನಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಅಂತ ಇತ್ತು.

ಭಯವೆಲ್ಲ ಎಚ್‌ಐವಿಯದ್ದು. ಲೆಕ್ಕ ಬೇರೆಯೇ ಹೇಳುತ್ತದೆ. ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗುಲುವುದು ಸುಮಾರು ಸಾವಿರಕ್ಕೆ ಮೂರು ಜನರಿಗೆ. ಹೆಪಟೈಟಿಸ್ ಬಿ ಆದರೆ, ರಕ್ಷಣೆ ಇಲ್ಲದವರಲ್ಲಿ ನೂರಕ್ಕೆ 6ರಿಂದ 30 ಜನರಿಗೆ. (ಹೆಪಟೈಟಿಸ್ ಸಿಗೆ ತಡೆಮದ್ದಿಲ್ಲ, ಆದರೆ ಬೇಗ ಪತ್ತೆಯಾದರೆ ಮಾತ್ರೆಯಲ್ಲೇ ಗುಣವಾಗುತ್ತದೆ.)

"ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ?" ಆಗಿತ್ತು. ಕಾಲೇಜಿಗೆ ಸೇರುವಾಗ ಮೂರು ಡೋಸ್, ಸರ್ಟಿಫಿಕೇಟ್ ಫೈಲಿನಲ್ಲಿದೆ. "ಟೈಟರ್ ಎಷ್ಟು?" ಅದು ಯಾರಿಗೂ ಗೊತ್ತಿಲ್ಲ. ಲಸಿಕೆ ಹಾಕಿಸಿಕೊಂಡ ಎಲ್ಲರ ದೇಹವೂ ರಕ್ಷಣೆ ಬೆಳೆಸಿಕೊಳ್ಳುವುದಿಲ್ಲ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಆಂಟಿಬಾಡಿ ಎಷ್ಟಿದೆ ಅಂತ ಅಳೆಯಬೇಕು, ಆ ಅಂಕಿಯೇ ಟೈಟರ್. ಅದು 10 ಅಥವಾ ಹೆಚ್ಚು ಇದ್ದರೆ ಆ ವ್ಯಕ್ತಿಗೆ ರಕ್ಷಣೆ ಇದೆ. ಮುಂದೆ ಅಂಕಿ ಇಳಿದರೂ ಚಿಂತೆಯಿಲ್ಲ, ಸೂಜಿ ಚುಚ್ಚಿದರೂ ಹೆಪಟೈಟಿಸ್ ಬಿಗೆ ಬೇರೆ ಚಿಕಿತ್ಸೆ ಬೇಡ. ಬೆಳಗಿನ ಜಾವ 5 ಗಂಟೆಗೆ ಫೈಲಿನಲ್ಲಿ ಆ ಒಂದು ಅಂಕಿ ಇದ್ದಿದ್ದರೆ ಏನು ಮಾಡಬೇಕು ಅನ್ನೋದು ಆ ನಿಮಿಷಕ್ಕೇ ತೀರ್ಮಾನ ಆಗುತ್ತಿತ್ತು.

ಅಂಕಿ ಇರಲಿಲ್ಲ. ಟೈಟರ್ ನೋಡುವ ಯಂತ್ರ ಹಗಲು ಮಾತ್ರ ನಡೆಯುತ್ತದೆ. ಮಧ್ಯಾಹ್ನ 12ಕ್ಕೆ ಫಲಿತಾಂಶ ಬಂತು: 4. ಮೊದಲು ಅದು 10 ದಾಟಿತ್ತೋ ಇಲ್ಲವೋ ಗೊತ್ತಿಲ್ಲ, ಹಾಗಾಗಿ ರಕ್ಷಣೆ ಇದೆ ಅಂತ ಹೇಳುವಂತಿಲ್ಲ. ಈಗ ಇಮ್ಯುನೊಗ್ಲೋಬ್ಯುಲಿನ್ ಬೇಕು, ಅಂದರೆ ಸಿದ್ಧ ಆಂಟಿಬಾಡಿಯ ಚುಚ್ಚುಮದ್ದು. ಪ್ರಮಾಣ ಒಂದು ಕಿಲೋ ತೂಕಕ್ಕೆ 0.06 ಮಿಲಿ. 50 ಕಿಲೋದ ಈ ಹುಡುಗಿಗೆ 3 ಮಿಲಿ. 24 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು, ಏಳು ದಿನ ದಾಟಿದರೆ ಉಪಯೋಗ ಸಂಶಯ. ಆಸ್ಪತ್ರೆಯ ಫ್ರಿಜ್ಜಿನಲ್ಲಿ ಸ್ಟಾಕ್ ಇರಲಿಲ್ಲ. ಊರೆಲ್ಲ ಫೋನ್ ಮಾಡಿ ತರಿಸಿ, ಚುಚ್ಚುವಾಗ ಸಂಜೆ 4 ಗಂಟೆ. ಬೇರೆ ತೋಳಿಗೆ, ಲಸಿಕೆಯನ್ನು ಮತ್ತೆ ಶುರು ಮಾಡುವ ಮೊದಲ ಡೋಸನ್ನೂ ಹಾಕಿದರು. ಹದಿನಾಲ್ಕು ಗಂಟೆ ಹಿಡಿಯಿತು. ಒಂದಿಷ್ಟು ಭಯಕ್ಕೆ, ಉಳಿದದ್ದು ಒಂದು ಅಂಕಿಗೆ ಮತ್ತು ಒಂದು ಬಾಟಲಿಗೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆರೋಗ್ಯ ಸಿಬ್ಬಂದಿಗೂ ತ್ಯಾಜ್ಯ ಮುಟ್ಟುವವರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಲೇಬೇಕು, ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕು. ಲಸಿಕೆ ಹಾಕಿಸಿ ಟೈಟರ್ ಬಿಟ್ಟರೆ ಅರ್ಧ ಕೆಲಸ ಅಂತ ನನ್ನ ಅಭಿಪ್ರಾಯ. ಆ ಅಂಕಿ ಐಡಿ ಕಾರ್ಡಿನ ಹಿಂದೆಯೇ ಇರಲಿ.

ತರಬೇತಿಯನ್ನು ಸಭಾಂಗಣದಲ್ಲಿ ಸ್ಲೈಡ್ ಹಾಕಿ ಮಾಡುವುದಕ್ಕಿಂತ ರಾತ್ರಿ ವಾರ್ಡಿನಲ್ಲೇ ಮಾಡಿ. "ಈಗ ನಿಮಗೆ ಸೂಜಿ ಚುಚ್ಚಿತು" ಅಂತ ಹೇಳಿ, ವಾಚ್ ನೋಡುತ್ತಾ ನಿಲ್ಲಿ. ಯಾರಿಗೆ ಫೋನ್ ಮಾಡುತ್ತಾರೆ? ಮಾತ್ರೆ ಇರುವ ಕಪಾಟಿನ ಕೀ ಯಾರ ಹತ್ತಿರ? ಆ ಕೀ ಸಿಗಲು ಅರ್ಧ ಗಂಟೆ ಬೇಕಾದರೆ ತರಬೇತಿಯಲ್ಲೇ ಗೊತ್ತಾಗಲಿ. ಮಾತ್ರೆ ಇಟ್ಟುಕೊಳ್ಳದ ಸಣ್ಣ ಕ್ಲಿನಿಕ್‌ಗಳು, ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಂಥ ಕಡೆ ರಾತ್ರಿ ಯಾರನ್ನು ಸಂಪರ್ಕಿಸಬೇಕು ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಶುಚಿ ಮಾಡುವವರನ್ನು ಬಿಡಬೇಡಿ. ಹಳದಿ ಚೀಲದಲ್ಲಿ, ಹಾಸಿಗೆ ಬಟ್ಟೆಯಲ್ಲಿ ಯಾರೋ ಬಿಟ್ಟ ಸೂಜಿ ಚುಚ್ಚುವುದು ಅವರಿಗೆ. ಅದು ಯಾವ ರೋಗಿಯದ್ದು ಅಂತಲೂ ತಿಳಿಯುವುದಿಲ್ಲ. ಅವರಿಗೆ ತುಳುವಿನಲ್ಲೋ ಹಿಂದಿಯಲ್ಲೋ, ಅವರ ಮಾತಿನಲ್ಲೇ ಹೇಳಿ. ಸೂಜಿ ಹಾಕುವ ಬಿಳಿ ಡಬ್ಬಿ ಮುಕ್ಕಾಲು ತುಂಬಿದಾಗ ಮುಚ್ಚಬೇಕು, ಒತ್ತಿ ತುಂಬಿಸಬಾರದು ಅನ್ನೋದನ್ನು ಕೈಯಾರೆ ತೋರಿಸಿ. ತರಬೇತಿ ಆದ ಮೇಲೆ ರಿಜಿಸ್ಟರಿನಲ್ಲಿ ಗಾಯಗಳ ಸಂಖ್ಯೆ ಏರಿದರೆ ಗಾಬರಿ ಬೇಡ. ಮೊದಲು ಮುಚ್ಚಿಟ್ಟದ್ದು ಈಗ ಹೊರಬರುತ್ತಿದೆ. ಗಾಯ ಯಾವ ಸೂಜಿಯಿಂದ, ಯಾವ ಕೆಲಸದ ಹೊತ್ತಿನಲ್ಲಿ ಆಯಿತು ಅಂತಲೂ ಬರೆಸಿ. ಟ್ಯೂಬ್ ಸ್ಟ್ಯಾಂಡ್ ಟ್ರಾಲಿಯಲ್ಲಿ ಇಲ್ಲ ಅನ್ನೋದು ಆ ಕಾಲಂನಿಂದಲೇ ತಿಳಿಯುತ್ತದೆ.

ಆ ವಿದ್ಯಾರ್ಥಿನಿಗೆ ಲಸಿಕೆಯ ಉಳಿದ ಎರಡು ಡೋಸ್ ಒಂದು ತಿಂಗಳಿಗೆ ಮತ್ತು ಆರು ತಿಂಗಳಿಗೆ. ಸೋಂಕು ತಗುಲಿಲ್ಲ ಅಂತ ಖಚಿತಪಡಿಸುವ ಪರೀಕ್ಷೆಯೂ ಆರು ತಿಂಗಳಿಗೆ. ಟೈಟರ್ ಮಾತ್ರ ಕೊನೆಯ ಡೋಸ್ ಆಗಿ ಒಂದೆರಡು ತಿಂಗಳ ನಂತರ. ಅದಕ್ಕೂ ಮೊದಲು ನೋಡಿದರೆ ಚುಚ್ಚುಮದ್ದಿನಲ್ಲಿ ಬಂದ ಆಂಟಿಬಾಡಿಯೇ ಲೆಕ್ಕಕ್ಕೆ ಸಿಕ್ಕಿ, ಇಲ್ಲದ ರಕ್ಷಣೆ ಇದ್ದಂತೆ ಕಾಣಬಹುದು.