ಕೆಲಸ ಖಾಲಿ ಇದೆ, ಕೆಲಸ ಇಲ್ಲದವರೂ ಇದ್ದಾರೆ: ಎರಡೂ ಒಟ್ಟಿಗೆ ಹೇಗೆ?

ಓದುಗರ ಪ್ರಶ್ನೆ: "ಒಂದು ಕಡೆ ಕಂಪನಿಗಳು ‘ಎಷ್ಟು ಹುಡುಕಿದ್ರೂ ಜನ ಸಿಗ್ತಿಲ್ಲ’ ಅಂತವೆ. ಇನ್ನೊಂದು ಕಡೆ ಲಕ್ಷಗಟ್ಟಲೆ ಜನ ‘ಎಷ್ಟು ಅಲೆದರೂ ಕೆಲಸ ಸಿಗ್ತಿಲ್ಲ’ ಅಂತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿರಬೇಕು ಅಲ್ವಾ?"

ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಅದು ಹೇಗೆ ಅಂತ ತಿಳಿಯಲು ಒಂದೇ ಒಂದು ಖಾಲಿ ಹುದ್ದೆಯನ್ನು ಹತ್ತಿರದಿಂದ ನೋಡೋಣ.

ಒಂದು ಸಂಸ್ಥೆಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟರು ಅಂದುಕೊಳ್ಳಿ. ಜಾಹೀರಾತು ಬರೆದು, ಮೇಲಿನವರ ಒಪ್ಪಿಗೆ ಪಡೆದು ಹಾಕುವಷ್ಟರಲ್ಲಿ ಒಂದು ವಾರ ಕಳೆಯಿತು. ಅರ್ಜಿಗಳು ರಾಶಿ ಬಿದ್ದವು, ಅದರಲ್ಲಿ ಮೂವರನ್ನು ಸಂದರ್ಶನಕ್ಕೆ ಕರೆದರು. ಮೊದಲನೆಯವರಿಗೆ ಆ ಸಂಸ್ಥೆ ಬಳಸುವ ಸಾಫ್ಟ್‌ವೇರ್ ಗೊತ್ತಿಲ್ಲ. ಎರಡನೆಯವರು ಎಲ್ಲಾ ಮುಗಿದ ಮೇಲೆ ಬೇರೆ ಕಡೆ ಸೇರಿಕೊಂಡರು. ಮೂರನೆಯವರು ಒಪ್ಪಿದರು, ಆದರೆ ಹಳೆಯ ಕಡೆ ಒಂದು ತಿಂಗಳ ನೋಟಿಸ್ ಮುಗಿಸಿ ಬರಬೇಕು. ಕುರ್ಚಿ ತುಂಬುವಷ್ಟರಲ್ಲಿ ಹತ್ತು ವಾರ. ಅಷ್ಟೂ ದಿನ ಅದು ಖಾಲಿ ಹುದ್ದೆ. ಅದೇ ಹತ್ತು ವಾರ, ಅದೇ ಕೆಲಸ ಚೆನ್ನಾಗಿ ಬಲ್ಲ ಇನ್ನೊಬ್ಬರು ಮನೆಯಲ್ಲಿದ್ದರು. ಆ ಜಾಹೀರಾತು ಅವರ ಕಣ್ಣಿಗೇ ಬೀಳಲಿಲ್ಲ. ಅವರು ನಿರುದ್ಯೋಗಿ. ಇದರಲ್ಲಿ ಯಾರ ತಪ್ಪೂ ಇಲ್ಲ. ಹುಡುಕಾಟಕ್ಕೆ ಸಮಯ ಹಿಡಿಯುತ್ತದೆ, ಅಷ್ಟೇ.

ಈ ಸಮಯವನ್ನೇ ಲೆಕ್ಕದ ನಡುವಿಗೆ ತಂದದ್ದು ಹುಡುಕಾಟ ಮತ್ತು ಹೊಂದಾಣಿಕೆಯ ಮಾದರಿ. ಪೀಟರ್ ಡೈಮಂಡ್, ಡೇಲ್ ಮಾರ್ಟೆನ್ಸೆನ್ ಮತ್ತು ಕ್ರಿಸ್ಟೋಫರ್ ಪಿಸ್ಸಾರಿಡೆಸ್ ಅವರಿಗೆ 2010ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇಂಥ ಕೆಲಸಕ್ಕೇ. ಮಾದರಿಯ ಹೃದಯ ಒಂದು ಸಣ್ಣ ಸೂತ್ರ:

```
M = A × √(U × V)
```

U ಅಂದರೆ ಕೆಲಸ ಹುಡುಕುತ್ತಿರುವವರು. V ಅಂದರೆ ಖಾಲಿ ಹುದ್ದೆಗಳು. M ಅಂದರೆ ಒಂದು ತಿಂಗಳಲ್ಲಿ ಕೂಡಿಬರುವ ಜೋಡಿಗಳು. A ಅನ್ನುವುದು ಜೋಡಿ ಕೂಡಿಸುವುದರಲ್ಲಿ ಆ ಮಾರುಕಟ್ಟೆ ಎಷ್ಟು ಚುರುಕು ಅನ್ನುವುದರ ಅಳತೆ. ವರ್ಗಮೂಲವೇ ಇರಬೇಕು ಅಂತಿಲ್ಲ, ಘಾತಗಳು ಬೇರೆ ಇರಬಹುದು. ಲೆಕ್ಕ ಸುಲಭವಾಗಲಿ ಅಂತ ಇದನ್ನು ತೆಗೆದುಕೊಂಡಿದ್ದೇನೆ.

ಇಲ್ಲಿ ಗಮನಿಸಬೇಕಾದದ್ದು V/U ಅನ್ನುವ ಅನುಪಾತ, ಅಂದರೆ ಒಬ್ಬ ನಿರುದ್ಯೋಗಿಗೆ ಎಷ್ಟು ಖಾಲಿ ಹುದ್ದೆ ಇದೆ ಅನ್ನುವುದು. ಅರ್ಥಶಾಸ್ತ್ರಜ್ಞರು ಇದನ್ನು ಥೀಟಾ ಅನ್ನುತ್ತಾರೆ. ನಾವು ಬಿಗಿ ಅನ್ನೋಣ. ಬಿಗಿ ಜಾಸ್ತಿಯಾದರೆ ಕೆಲಸ ಬೇಗ ಸಿಗುತ್ತದೆ, ಆದರೆ ಕಂಪನಿಗೆ ಜನ ಸಿಗುವುದು ತಡವಾಗುತ್ತದೆ. ಬಿಗಿ ಕಡಿಮೆಯಾದರೆ ಇದು ತಿರುವು ಮುರುವು. ನಾನು ಹಾಕುವ ಪ್ರತಿ ಅರ್ಜಿ ಉಳಿದ ಹುಡುಕಾಟಗಾರರ ದಾರಿಯನ್ನು ಸ್ವಲ್ಪ ಇಕ್ಕಟ್ಟು ಮಾಡುತ್ತದೆ. ಒಂದು ಕಂಪನಿ ತೆರೆಯುವ ಪ್ರತಿ ಹುದ್ದೆ ಉಳಿದ ಕಂಪನಿಗಳಿಗೆ ಅದನ್ನೇ ಮಾಡುತ್ತದೆ. ನನ್ನ ಮಟ್ಟಿಗೆ ಈ ಮಾದರಿಯ ನಿಜವಾದ ಒಳನೋಟ ಇದು. ಕೆಲಸ ಸಿಗದವರು ಸುಮ್ನೆ ಕೂತಿದ್ದಾರೆ ಅಂತ ದೂರುವವರು ಈ ಇಕ್ಕಟ್ಟನ್ನು ಮರೆಯುತ್ತಾರೆ.

ಈಗ ಲೆಕ್ಕ ಮಾಡೋಣ. ಕೆಲಸದಲ್ಲಿರುವವರು ಮತ್ತು ಹುಡುಕುತ್ತಿರುವವರು ಸೇರಿ ಒಂದು ಲಕ್ಷ ಜನ ಇದ್ದಾರೆ ಅನ್ನಿ. ಪ್ರತಿ ತಿಂಗಳು ಕೆಲಸದಲ್ಲಿರುವವರಲ್ಲಿ ನೂರಕ್ಕೆ ಇಬ್ಬರು ಒಂದಲ್ಲ ಒಂದು ಕಾರಣಕ್ಕೆ ಕೆಲಸ ಕಳೆದುಕೊಳ್ಳುತ್ತಾರೆ. ಚುರುಕು, ಅಂದರೆ A, 0.38. ನಿರುದ್ಯೋಗಿಗಳು 5,000, ಖಾಲಿ ಹುದ್ದೆಗಳೂ 5,000. ಆಗ ಬಿಗಿ 1. ಒಂದು ತಿಂಗಳಲ್ಲಿ 0.38 × 5,000, ಅಂದರೆ 1,900 ಜನರಿಗೆ ಕೆಲಸ ಸಿಗುತ್ತದೆ. ಅದೇ ತಿಂಗಳು ಕೆಲಸದಲ್ಲಿರುವ 95,000 ಜನರಲ್ಲಿ ನೂರಕ್ಕೆ ಇಬ್ಬರಂತೆ 1,900 ಜನ ಹೊರಗೆ ಬರುತ್ತಾರೆ. ಬಂದವರಷ್ಟೇ ಹೋದರು, ಹಾಗಾಗಿ ನಿರುದ್ಯೋಗ ನೂರಕ್ಕೆ 5ರಲ್ಲಿ ನಿಂತಿರುತ್ತದೆ. ಆದರೆ ಆ 5,000 ಜನ ಪ್ರತಿ ತಿಂಗಳೂ ಅವರೇ ಅಲ್ಲ. ಒಬ್ಬರು ಸರಾಸರಿ 2.6 ತಿಂಗಳು ಹುಡುಕುತ್ತಾರೆ, ಆಮೇಲೆ ಅವರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ.

ಈಗ ವ್ಯಾಪಾರ ಮಂದವಾಯಿತು. ಕಂಪನಿಗಳು ಹೊಸ ಹುದ್ದೆ ತೆರೆಯುವುದನ್ನು ಕಡಿಮೆ ಮಾಡಿದವು, ಬಿಗಿ ಕಾಲು ಭಾಗಕ್ಕೆ ಇಳಿಯಿತು. ಸೂತ್ರದ ಪ್ರಕಾರ ತಿಂಗಳಿಗೆ ಕೆಲಸ ಸಿಗುವ ಸಾಧ್ಯತೆ ನೂರಕ್ಕೆ 38ರಿಂದ 19ಕ್ಕೆ ಬರುತ್ತದೆ. ಬರುವವರು ಹೋಗುವವರು ಮತ್ತೆ ಸರಿಸಮ ಆಗುವ ಹೊತ್ತಿಗೆ ನಿರುದ್ಯೋಗಿಗಳು ಸುಮಾರು 9,500, ಖಾಲಿ ಹುದ್ದೆಗಳು ಸುಮಾರು 2,400. ಕೆಲಸ ಕಳೆದುಕೊಳ್ಳುವ ಪ್ರಮಾಣ ಒಂದಿಷ್ಟೂ ಬದಲಾಗಿಲ್ಲ, ಇನ್ನೂ ನೂರಕ್ಕೆ ಎರಡೇ. ಆದರೂ ನಿರುದ್ಯೋಗ ಹೆಚ್ಚು ಕಡಿಮೆ ಎರಡು ಪಟ್ಟು. ಹುಡುಕಾಟ 5.3 ತಿಂಗಳಿಗೆ ಎಳೆದಿದೆ. ಕಂಪನಿಗಳಿಗೆ ಮಾತ್ರ ಇದು ಸುಗ್ಗಿ: ಒಂದು ಹುದ್ದೆ ತುಂಬಲು 2.6 ತಿಂಗಳು ಬೇಕಾಗಿದ್ದದ್ದು ಈಗ 1.3 ತಿಂಗಳಲ್ಲಿ ಮುಗಿಯುತ್ತದೆ.

ಇನ್ನೊಂದು ಸ್ಥಿತಿ ನೋಡಿ. ವ್ಯಾಪಾರ ಚೆನ್ನಾಗಿಯೇ ಇದೆ. ಆದರೆ ಕೆಲಸ ಇರುವುದು ಒಂದು ಊರಲ್ಲಿ, ಜನ ಇರುವುದು ಇನ್ನೊಂದು ಊರಲ್ಲಿ. ಅಥವಾ ಕೇಳುವ ಕೌಶಲ ಒಂದು, ಇರುವ ಕೌಶಲ ಇನ್ನೊಂದು. ಹಾಗಾಗಿ ಚುರುಕು 0.38ರಿಂದ 0.19ಕ್ಕೆ ಬಿತ್ತು. ಬಿಗಿ 1ರಲ್ಲೇ ಇದೆ ಅಂದುಕೊಂಡರೆ ನಿರುದ್ಯೋಗಿಗಳು ಮತ್ತೆ ಅದೇ 9,500. ಆದರೆ ಈ ಸಲ ಖಾಲಿ ಹುದ್ದೆಗಳೂ 9,500!

ನಿರುದ್ಯೋಗದ ಅಂಕಿ ಒಂದನ್ನೇ ನೋಡಿದರೆ ಈ ಎರಡೂ ಸ್ಥಿತಿ ಒಂದೇ ಥರ ಕಾಣುತ್ತವೆ. ಖಾಲಿ ಹುದ್ದೆಯ ಅಂಕಿ ಪಕ್ಕದಲ್ಲಿಟ್ಟಾಗಲೇ ರೋಗ ಬೇರೆ ಬೇರೆ ಅಂತ ತಿಳಿಯುವುದು. ಮೊದಲನೆಯದಕ್ಕೆ ಬೇಡಿಕೆ ಹೆಚ್ಚಿಸುವ ಮದ್ದು ನಾಟುತ್ತದೆ: ಬಡ್ಡಿ ಇಳಿಸಬಹುದು, ಸರ್ಕಾರ ಖರ್ಚು ಮಾಡಬಹುದು. ಎರಡನೆಯದಕ್ಕೆ ಅದೇ ಮದ್ದು ಕೊಟ್ಟರೆ ಖಾಲಿ ಹುದ್ದೆ ಇನ್ನಷ್ಟು ಹೆಚ್ಚುತ್ತದೆ, ಸಂಬಳ ಮತ್ತು ಬೆಲೆ ಏರುತ್ತವೆ, ನಿರುದ್ಯೋಗ ಇಳಿಯುವುದು ಸ್ವಲ್ಪವೇ. ಅಲ್ಲಿ ಬೇಕಾದದ್ದು ತರಬೇತಿ, ಊರು ಬದಲಿಸಲು ನೆರವು, ಮಾಹಿತಿ.

ನಿರುದ್ಯೋಗವನ್ನು ಅಡ್ಡಕ್ಕೆ, ಖಾಲಿ ಹುದ್ದೆಯನ್ನು ಉದ್ದಕ್ಕೆ ಇಟ್ಟು ಚುಕ್ಕೆ ಹಾಕಿದರೆ ಇಳಿಜಾರಿನ ಒಂದು ಗೆರೆ ಬರುತ್ತದೆ. ಬ್ರಿಟನ್ನಿನ ವಿಲಿಯಂ ಬೆವರಿಜ್ ಹೆಸರಿನಲ್ಲಿ ಅದಕ್ಕೆ ಬೆವರಿಜ್ ರೇಖೆ ಅನ್ನುತ್ತಾರೆ. ಚುಕ್ಕೆ ಗೆರೆಯ ಮೇಲೇ ಜಾರಿದರೆ ನಮ್ಮ ಮೊದಲ ಸ್ಥಿತಿ. ಗೆರೆಯೇ ಆಚೆಗೆ ಸರಿದರೆ ಎರಡನೆಯದು. ಆದರೆ ಕೆಲಸ ಕಳೆದುಕೊಳ್ಳುವ ಪ್ರಮಾಣ ಏರಿದರೂ ಗೆರೆ ಆಚೆಗೆ ಸರಿಯುತ್ತದೆ. ಹಾಗಾಗಿ ಗೆರೆ ಸರಿದ ಕೂಡಲೇ ‘ಕೌಶಲದ ಕೊರತೆ’ ಅಂತ ತೀರ್ಪು ಕೊಡುವುದು ಅವಸರ.

ಈ ಗೆರೆ ನೇರವಾಗಿಲ್ಲ, ಬಾಗಿದೆ. ಆ ಬಾಗು 2022ರಲ್ಲಿ ಅಮೆರಿಕದಲ್ಲಿ ದೊಡ್ಡ ವಾದಕ್ಕೇ ಕಾರಣವಾಯಿತು. ಅಲ್ಲಿ 2000ದ ಕೊನೆಯಿಂದ ಪ್ರತಿ ತಿಂಗಳು ಖಾಲಿ ಹುದ್ದೆಗಳ ಸಮೀಕ್ಷೆ ನಡೆಯುತ್ತದೆ, ಜೋಲ್ಟ್ಸ್ ಅಂತ ಅದರ ಹೆಸರು. 2009ರ ಬೇಸಿಗೆಯಲ್ಲಿ ಅಲ್ಲಿ ಒಂದು ಖಾಲಿ ಹುದ್ದೆಗೆ ಆರಕ್ಕೂ ಹೆಚ್ಚು ನಿರುದ್ಯೋಗಿಗಳಿದ್ದರು. 2022ರ ವಸಂತದಲ್ಲಿ ಎಲ್ಲಾ ಉಲ್ಟಾ: ಒಬ್ಬ ನಿರುದ್ಯೋಗಿಗೆ ಸುಮಾರು ಎರಡು ಹುದ್ದೆ. ಬೆಲೆಗಳು ಜೋರಾಗಿ ಏರುತ್ತಿದ್ದವು, ಬಡ್ಡಿ ಏರಿಸಿ ಬಿಸಿ ಇಳಿಸಬೇಕಿತ್ತು. ನಿರುದ್ಯೋಗ ಹೆಚ್ಚದೆ ಖಾಲಿ ಹುದ್ದೆ ಅಷ್ಟು ಇಳಿದ ಇತಿಹಾಸವೇ ಇಲ್ಲ ಅಂತ ಒಲಿವಿಯರ್ ಬ್ಲಾಂಚರ್ಡ್, ಲ್ಯಾರಿ ಸಮ್ಮರ್ಸ್ ಮೊದಲಾದ ಅರ್ಥಶಾಸ್ತ್ರಜ್ಞರು ಎಚ್ಚರಿಸಿದರು. ಸಾಧ್ಯವಿದೆ ಅಂದವರು ಅಲ್ಲಿನ ಕೇಂದ್ರ ಬ್ಯಾಂಕಿನ ಕ್ರಿಸ್ಟೋಫರ್ ವಾಲರ್.

ವಾಲರ್ ವಾದದ ತಿರುಳು ನಮ್ಮ ಒಂದು ಲಕ್ಷ ಜನರ ಲೆಕ್ಕದಲ್ಲೂ ಕಾಣುತ್ತದೆ. ನಿರುದ್ಯೋಗಿಗಳು 3,000ದಿಂದ 4,000ಕ್ಕೆ ಏರಿದಾಗ ಖಾಲಿ ಹುದ್ದೆ ಸುಮಾರು 8,700ರಿಂದ 6,400ಕ್ಕೆ ಬೀಳುತ್ತದೆ. ಅದೇ 9,000ದಿಂದ 10,000ಕ್ಕೆ ಏರಿದಾಗ ಬೀಳುವುದು ಬರೀ 300. ಅಂದರೆ ತುಂಬಾ ಬಿಗಿಯಾದ ಕಡೆ ಗೆರೆ ಕಡಿದಾಗಿದೆ. ಅಲ್ಲಿ ಖಾಲಿ ಹುದ್ದೆಗಳು ಬಹಳ ಇಳಿದರೂ ನಿರುದ್ಯೋಗ ಹೆಚ್ಚು ಏರಬೇಕಾಗಿಲ್ಲ. ಅಮೆರಿಕದಲ್ಲಿ ನಡೆದದ್ದೂ ಹಾಗೆಯೇ. ಸುಮಾರು 1.2 ಕೋಟಿ ಇದ್ದ ಖಾಲಿ ಹುದ್ದೆ 2024ರ ಮಧ್ಯದ ಹೊತ್ತಿಗೆ 80 ಲಕ್ಷದ ಆಸುಪಾಸಿಗೆ ಬಂತು. ನಿರುದ್ಯೋಗ ನೂರಕ್ಕೆ 3.6ರಿಂದ 4.1ರ ಹತ್ತಿರಕ್ಕೆ ಏರಿತು, ಅಷ್ಟೇ. ಎಚ್ಚರಿಸಿದವರ ಮಾತು ಹುಚ್ಚು ಮಾತಾಗಿರಲಿಲ್ಲ, ಹಿಂದೆ ಯಾವತ್ತೂ ಹಾಗೆ ಆಗಿರಲಿಲ್ಲ ಅನ್ನುವುದು ಸತ್ಯ. ಆದರೆ ಗೆರೆಯ ಯಾವ ಭಾಗದಲ್ಲಿ ನಿಂತಿದ್ದೇವೆ ಅನ್ನುವುದು ಆ ಸಲ ಲೆಕ್ಕಕ್ಕೆ ಬಂತು. ಇನ್ನಷ್ಟು ಕೆಳಗೆ ಇಳಿದಂತೆ ಗೆರೆ ಚಪ್ಪಟೆಯಾಗುತ್ತದೆ, ಆಗ ಇದೇ ಭರವಸೆ ಕೆಲಸ ಮಾಡುವುದಿಲ್ಲ.

ಮಾದರಿಗೆ ಕೊರತೆಗಳೂ ಇವೆ. ಕಂಪನಿಗಳ ಉತ್ಪಾದಕತೆ ಸ್ವಲ್ಪ ಏರಿಳಿದರೆ ಬಿಗಿ ಎಷ್ಟು ಏರಿಳಿಯುತ್ತದೆ ಅಂತ ಮೂಲ ಮಾದರಿಯನ್ನು ಕೇಳಿದರೆ ಬರುವ ಉತ್ತರ ತೀರಾ ಸಣ್ಣದು. ನಿಜ ಜೀವನದ ಏರಿಳಿತದ ಹತ್ತನೇ ಒಂದು ಭಾಗವೂ ಬರುವುದಿಲ್ಲ ಅಂತ ಅರ್ಥಶಾಸ್ತ್ರಜ್ಞ ರಾಬರ್ಟ್ ಶೈಮರ್ 2005ರಲ್ಲಿ ತೋರಿಸಿದರು. ಹೊಸಬರ ಸಂಬಳ ಕೂಡಲೇ ಬದಲಾಗದೆ ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವುದು ಇದಕ್ಕೆ ಕೊಡುವ ಉತ್ತರಗಳಲ್ಲಿ ಒಂದು. ಚರ್ಚೆ ಇನ್ನೂ ಮುಗಿದಿಲ್ಲ.

ಅಂಕಿಗಳಲ್ಲೂ ಹುಷಾರಾಗಿರಬೇಕು. ನಾಲ್ಕು ವಾರದಿಂದ ಹುಡುಕಾಟ ಬಿಟ್ಟು ಬೇಸತ್ತು ಕೂತವರು ಅಮೆರಿಕದ ಲೆಕ್ಕದಲ್ಲಿ ನಿರುದ್ಯೋಗಿಗಳಲ್ಲ. ಈಗಾಗಲೇ ಕೆಲಸದಲ್ಲಿದ್ದೇ ಬೇರೆ ಕೆಲಸ ಹುಡುಕುವವರೂ U ಒಳಗೆ ಇಲ್ಲ, ಆದರೆ ಬಹಳಷ್ಟು ಹುದ್ದೆ ತುಂಬುವವರು ಅವರೇ. ಇನ್ನು V ಕಡೆ: ಜಾಹೀರಾತು ಹಾಕುವುದು ಈಗ ಬಲು ಅಗ್ಗ. ಅವಸರವಿಲ್ಲದ ಕಂಪನಿ ‘ಒಳ್ಳೆಯವರು ಸಿಕ್ಕರೆ ನೋಡೋಣ’ ಅಂತ ಹುದ್ದೆಯನ್ನು ತಿಂಗಳುಗಟ್ಟಲೆ ತೆರೆದಿಡಬಹುದು. ಆಗ ಕಾಗದದ ಮೇಲೆ ಮಾತ್ರ ಬಿಗಿ ಹೆಚ್ಚುತ್ತದೆ.

ಆ ಬಿಗಿ ನಿಜವೋ ಅಲ್ಲವೋ ಅಂತ ಪರೀಕ್ಷಿಸಲು ನಾನು ಮೊದಲು ನೋಡುವುದು ತಾವಾಗೇ ಕೆಲಸ ಬಿಟ್ಟವರ ಪ್ರಮಾಣ. ಬೇರೆ ಕಡೆ ಸಿಗುತ್ತದೆ ಅನ್ನುವ ಧೈರ್ಯ ಇಲ್ಲದೆ ಸಾಮಾನ್ಯವಾಗಿ ಯಾರೂ ರಾಜೀನಾಮೆ ಕೊಡುವುದಿಲ್ಲ. ಅಮೆರಿಕದಲ್ಲಿ ಅದು 2022ರ ಆರಂಭದಲ್ಲಿ ತಿಂಗಳಿಗೆ ನೂರಕ್ಕೆ 3ರ ಹತ್ತಿರ ಇತ್ತು. 2024ರಲ್ಲಿ 2ರ ಆಸುಪಾಸಿಗೆ ಇಳಿಯಿತು, 2019ರಲ್ಲಿ ಇದ್ದದ್ದಕ್ಕಿಂತಲೂ ಕೆಳಗೆ. ಅದೇ ಹೊತ್ತಿನಲ್ಲಿ ಖಾಲಿ ಹುದ್ದೆಗಳು ಮಾತ್ರ 2019ಕ್ಕಿಂತ ಹೆಚ್ಚೇ ಇದ್ದವು. ಎರಡು ಅಂಕಿ ಹೀಗೆ ಬೇರೆ ಬೇರೆ ಕಥೆ ಹೇಳಿದಾಗ ನಾನು ರಾಜೀನಾಮೆಯ ಅಂಕಿಯನ್ನೇ ಹೆಚ್ಚು ನಂಬುತ್ತೇನೆ.