ಕತ್ತರಿ ಮುಟ್ಟದ ಪಂಚೆ, ನೇರ ಗೆರೆಯ ಜುಬ್ಬ

ಕೊಡಗಿನ ಗಂಡಸರ ಉಡುಪು ಎಂದರೆ ಹೊರಗಿನವರಿಗೆ ನೆನಪಾಗುವುದು ಕಪ್ಪು ಕುಪ್ಯ, ಸೊಂಟದ ಕೆಂಪು ಚೇಲೆ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿ. ಅದು ಈಗ ಮದುವೆ ಮತ್ತು ಹಬ್ಬದ ಉಡುಪು. ದಿನನಿತ್ಯದ ಬಟ್ಟೆ ನೋಡಬೇಕಾದರೆ ಸಂತೆಗೆ ಹೋಗಬೇಕು. ಸೋಮವಾರಪೇಟೆ, ಶನಿವಾರಸಂತೆ, ಕುಶಾಲನಗರದ ಕಡೆ ಹಳ್ಳಿಯ ಹಿರಿಯರು ಹಾಸನ, ಮೈಸೂರು ಸೀಮೆಯವರಂತೆಯೇ ಪಂಚೆ ಉಟ್ಟು ಮೇಲೆ ಅಂಗಿಯನ್ನೋ ಜುಬ್ಬವನ್ನೋ ತೊಟ್ಟಿರುತ್ತಾರೆ. ವಿರಾಜಪೇಟೆ ದಾಟಿ ಮಾಕುಟ್ಟದ ದಾರಿ ಹಿಡಿದರೆ ಕಣ್ಣೂರಿನ ಮುಂಡು ಎದುರಾಗುತ್ತದೆ. ತೋಟದಲ್ಲಿ ಪ್ಯಾಂಟು, ಪೂಜೆಗೆ ಪಂಚೆ ಎಂಬ ಎರಡು ಬಗೆ ಒಂದೇ ಮನೆಯಲ್ಲೂ ಉಂಟು. ಈಚೆಗೆ ಇವುಗಳ ಜೊತೆಗೆ ಮದುವೆಮನೆಗಳಲ್ಲಿ ಹುಡುಗರ ಜೇಬಿರುವ ರೆಡಿಮೇಡ್ ಪಂಚೆ, ಮೈಗಂಟುವ ಕುರ್ತಾ ಸೇರಿಕೊಂಡಿವೆ.

ಬದಲಾಗಿದ್ದು ಬಣ್ಣವೋ ಅಂಚೋ ಅಲ್ಲ, ಕತ್ತರಿ ಹೋಗುವ ದಾರಿ. ಪಂಚೆಗೆ ಕತ್ತರಿಯೇ ಬೇಕಿರಲಿಲ್ಲ. ಹಳೆಯ ಜುಬ್ಬಕ್ಕೆ ಬೇಕಿತ್ತು, ಆದರೆ ಅದು ನೇರ ಗೆರೆಯಲ್ಲೇ ನಡೆಯುತ್ತಿತ್ತು. ಈಗಿನ ದರ್ಜಿಯ ಕತ್ತರಿ ಬಳುಕುತ್ತದೆ. ಬಟ್ಟೆ ಹಾಕಿಕೊಂಡವನಿಗೆ ಆಗುವ ಲಾಭ ನಷ್ಟಗಳೆಲ್ಲ ಈ ಬಳುಕಿನಲ್ಲೇ ಇವೆ.

ಭಾರ್ಹುತ್, ಸಾಂಚಿಯ ಶಿಲ್ಪಗಳಲ್ಲಿ, ಅಂದರೆ ಎರಡು ಸಾವಿರ ವರ್ಷಕ್ಕೂ ಹಿಂದೆ, ಗಂಡಸರು ಸೊಂಟಕ್ಕೆ ಸುತ್ತಿದ ಒಂದು ಬಟ್ಟೆ, ಹೆಗಲ ಮೇಲೆ ಇನ್ನೊಂದು, ಇಷ್ಟರಲ್ಲೇ ಇದ್ದಾರೆ. ಇಂದಿನ ಪಂಚೆ ಶಲ್ಯದ ಜೋಡಿ ಅದೇ. ಹೊಲಿದ ಬಟ್ಟೆ ಆಗ ಇರಲಿಲ್ಲವೆಂದಲ್ಲ. ಮಥುರೆಯಲ್ಲಿ ಸಿಕ್ಕ ಕನಿಷ್ಕನ ವಿಗ್ರಹ ಉದ್ದನೆಯ ಹೊಲಿದ ಅಂಗಿ ತೊಟ್ಟೇ ನಿಂತಿದೆ. ಆದರೆ ಅದು ಕುದುರೆ ಏರಿ ಬಂದ ಉತ್ತರದವರ ಉಡುಪು, ಚಳಿ ನಾಡಿನದು. ಸುಮಾರು 1030ರಲ್ಲಿ ಬರೆದ ಅಲ್ ಬಿರೂನಿ ಇಲ್ಲಿಯ ಹೆಂಗಸರು ತೊಡುವ, ತೋಳಿರುವ, ಎಡಬಲ ಎರಡೂ ಕಡೆ ಸೀಳಿರುವ ಗಿಡ್ಡ ಅಂಗಿಯನ್ನು ಕುರ್ತಕ ಎಂದು ಕರೆದಿದ್ದಾನೆ. ಇಂದು ಗಂಡಸರ ಉಡುಪೆಂದೇ ಬೀಗುವ ಕುರ್ತಾದ ಹಳೆಯ ದಾಖಲೆಯೊಂದು ಹೆಂಗಸರ ಬಟ್ಟೆಯ ವರ್ಣನೆ ಎಂಬುದು ನನಗಂತೂ ಖುಷಿ ಕೊಡುವ ಸಂಗತಿ.

ಬೆಚ್ಚಗಿನ ಬಯಲುಸೀಮೆಯಲ್ಲಿ ಪಂಚೆ ಇಷ್ಟು ಕಾಲ ಬಾಳಿದ್ದಕ್ಕೆ ಅದರ ಸರಳತೆಗಿಂತ ಅದರ ಜಾಣತನವೇ ಕಾರಣ. ಒಂದು ಮೊಳವೆಂದರೆ ಹೆಚ್ಚುಕಡಿಮೆ 18 ಇಂಚು. ನಾಲ್ಕು ಮೊಳದ್ದು ಅಡ್ಡ ಪಂಚೆ, ಸೊಂಟಕ್ಕೆ ಸುತ್ತಿದರೆ ಮುಗಿಯಿತು. ಎಂಟು ಮೊಳದ್ದು, ಅಂದರೆ ಸುಮಾರು ಮೂರೂವರೆ ಮೀಟರಿನದು, ಕಚ್ಚೆಗೆ. ಬಟ್ಟೆಯ ನಡುಭಾಗವನ್ನು ಬೆನ್ನ ಹಿಂದೆ ಹಿಡಿದು, ಎರಡೂ ತುದಿಗಳನ್ನು ಮುಂದೆ ತಂದು ಹೊಕ್ಕುಳ ಬಳಿ ಬಿಗಿಯಬೇಕು. ಒಂದು ತುದಿಯನ್ನು ನಿರಿಗೆ ಹಿಡಿದು ಕಾಲುಗಳ ನಡುವಿನಿಂದ ಹಿಂದಕ್ಕೆ ಎಳೆದು ಸಿಕ್ಕಿಸಬೇಕು, ಇನ್ನೊಂದನ್ನು ನಿರಿಗೆ ಮಾಡಿ ಮುಂದೆ ಸಿಕ್ಕಿಸಬೇಕು. ಹೀಗೆ ಉಟ್ಟದ್ದರಲ್ಲಿ ಪ್ಯಾಂಟಿನಂತೆ ಎರಡು ಕಾಲುಂಟು, ಆದರೆ ತೊಡೆಸಂದಿನಲ್ಲಿ ಹೊಲಿಗೆಯಿಲ್ಲ. ಕುಕ್ಕರಗಾಲಿನಲ್ಲಿ ಕೂತರೆ ನಿರಿಗೆ ಬಿಚ್ಚಿಕೊಂಡು ಬೇಕಾದಷ್ಟು ಬಟ್ಟೆ ಕೊಡುತ್ತದೆ, ಎದ್ದರೆ ಮತ್ತೆ ಮಡಚಿಕೊಳ್ಳುತ್ತದೆ. ಹೊಲಿದ ಯಾವ ಬಟ್ಟೆಯೂ ಇದನ್ನು ಪೂರ್ತಿ ಮಾಡಲಾರದು. ಈ ಮಾತಿಗೆ ಮತ್ತೆ ಬರುತ್ತೇನೆ.

ಕೊಡಗಿನ ಕುಪ್ಯ ಇದಕ್ಕೆ ಎದುರು ದಿಕ್ಕಿನದು. ಅದು ಕತ್ತರಿಸಿ ಹೊಲಿದ ಬಟ್ಟೆ. ಅರ್ಧ ತೋಳು, ಮೊಣಕಾಲು ದಾಟುವ ಉದ್ದ, ಎದೆಯ ಮೇಲೆ ಒಂದರ ಮೇಲೊಂದು ಬರುವ ಎರಡು ಅಂಚು. ಆದರೂ ಮುಚ್ಚಲು ಗುಂಡಿ ಬೇಡ, ಚೇಲೆಯ ಸುತ್ತೇ ಅದನ್ನು ಹಿಡಿದಿಡುತ್ತದೆ. ಹೊಲಿಗೆಯೂ ಸುತ್ತುವಿಕೆಯೂ ಅರ್ಧರ್ಧ. ಮಳೆ, ಚಳಿ, ಏರುದಾರಿಯ ನಾಡಿಗೆ ಅದು ಹೊಂದುವ ಬಗೆಯನ್ನು ನೋಡಿದರೆ, ಬಯಲಿನ ಕಚ್ಚೆ ಪಂಚೆ ಇಲ್ಲಿ ಎಲ್ಲರ ಉಡುಪಾಗದೆ ಉಳಿದದ್ದು ಆಶ್ಚರ್ಯವಲ್ಲ.

ಇನ್ನು ಜುಬ್ಬ. ಹಳೆಯ ಕಟ್ಟಿಂಗು ಅರ್ಥವಾಗಬೇಕಾದರೆ ಒಂದು ಜುಬ್ಬವನ್ನು ಕಾಗದದ ಮೇಲಾದರೂ ಕತ್ತರಿಸಿ ನೋಡಬೇಕು. ಎದೆಸುತ್ತು 38 ಇಂಚಿನ ಒಬ್ಬರಿಗೆ, 36 ಇಂಚು ಅಗಲದ ಕೈಮಗ್ಗದ ಬಟ್ಟೆಯಲ್ಲಿ, ಎಂದುಕೊಳ್ಳಿ. ಬಟ್ಟೆಯ ಉದ್ದ 80 ಇಂಚು, ಎರಡು ಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಮೊದಲು ಉದ್ದಕ್ಕೆ ನೇರ ಸೀಳಿ 20 ಇಂಚು ಅಗಲದ ಪಟ್ಟಿ ತೆಗೆಯುತ್ತಾರೆ. ಅದನ್ನು ನಡುವೆ ಮಡಚಿದರೆ ಮುಂದೆ 40, ಹಿಂದೆ 40 ಇಂಚಿನ ಮೈ ಆಯಿತು. ಭುಜದ ಮೇಲೆ ಹೊಲಿಗೆಯಿಲ್ಲ, ಮಡಿಕೆಯೇ ಭುಜ. ಉಳಿದದ್ದು 16 ಇಂಚು ಅಗಲದ ಪಟ್ಟಿ. ಅದರಲ್ಲಿ 23 ಇಂಚಿನ ಎರಡು ತುಂಡು ತೆಗೆದರೆ ಎರಡು ತೋಳು. ಇನ್ನು 34 ಇಂಚು ಉಳಿಯಿತು. ಅದರಲ್ಲಿ 28 ಇಂಚು ಉದ್ದ, 8 ಇಂಚು ಅಗಲದ ಎರಡು ತುಂಡು ಮಾಡಿ, ಒಂದೊಂದನ್ನೂ ಓರೆಯಾಗಿ ಸೀಳಿದರೆ ಮೇಲೆ 2 ಇಂಚು, ಕೆಳಗೆ 6 ಇಂಚಿನ ನಾಲ್ಕು ಕಳಿಗಳು ಸಿಗುತ್ತವೆ. ಇವು ಪಕ್ಕಗಳಿಗೆ. ಕೊನೆಗೆ ಉಳಿದ ಚೂರಿನಲ್ಲಿ 5 ಇಂಚಿನ ಎರಡು ಚೌಕ, ಜೇಬಿಗೆ ಒಂದು ತುಂಡು. ಕೊರಳಪಟ್ಟಿಗೆ ಒಂದು ಗೇಣು ಬಟ್ಟೆ ಹೆಚ್ಚು ತಂದಿಟ್ಟುಕೊಂಡರೆ ಕೆಲಸ ಪೂರ್ತಿ.

ಹೊಲಿಗೆಗೆ ಪ್ರತಿ ಅಂಚಿನಲ್ಲಿ ಅರ್ಧ ಇಂಚು ಕಳೆದರೂ ಎದೆಯಲ್ಲಿ 42 ಇಂಚು, ಕೆಳಗಿನ ಘೇರು 58 ಇಂಚು ನಿಲ್ಲುತ್ತದೆ. ಎದೆಗೆ ಸಾಕಷ್ಟು ಸಡಿಲ, ಪದ್ಮಾಸನ ಹಾಕಿ ಕೂರಲು ಬೇಕಾದಷ್ಟು ಅಗಲ. ಕೊರಳಿಗೆ ತೆಗೆದ ಬಿಲ್ಲೆಯೊಂದನ್ನು ಬಿಟ್ಟರೆ ಎಸೆಯುವಂಥದ್ದು ಏನೂ ಇಲ್ಲ. ಈ ಲೆಕ್ಕದಲ್ಲಿ ಎಲ್ಲರೂ ಮರೆಯುವುದು ಆ ಎರಡು ಚೌಕಗಳನ್ನು. ಅವು ಕಂಕುಳಿಗೆ. ನೇರ ತೋಳು ನೇರ ಮೈಗೆ ಸೇರುವ ಮೂಲೆಯಲ್ಲಿ, ಕೈ ಎತ್ತಿದಾಗ ಎಳೆತವೆಲ್ಲ ಒಂದೇ ಬಿಂದುವಿನಲ್ಲಿ ಬೀಳುತ್ತದೆ. ಚೌಕವನ್ನು ಮೂಲೆ ತಿರುಗಿಸಿ ಅಲ್ಲಿ ಕೂರಿಸಿದರೆ ಆ ಎಳೆತ ಬಟ್ಟೆಯ ಓರೆಯಲ್ಲಿ ಹರಡಿಕೊಳ್ಳುತ್ತದೆ. ಚೌಕ ಬಿಟ್ಟು ಅಗ್ಗಕ್ಕೆ ಹೊಲಿದ ನೇರ ತೋಳಿನ ಜುಬ್ಬಗಳು ಮೊದಲು ಹರಿಯುವುದೇ ಕಂಕುಳಲ್ಲಿ.

ಪಂಚೆ ಮತ್ತು ಜುಬ್ಬ ದೇಶದ ಉದ್ದಗಲಕ್ಕೆ ಒಂದು ಜೋಡಿಯಾಗಿ ಕಾಣತೊಡಗಿದ್ದರಲ್ಲಿ ಖಾದಿಯ ಪಾಲು ದೊಡ್ಡದು. ಅದಕ್ಕೂ ಮೊದಲು ಮೈಸೂರಿನ ಕಡೆಯ ಅಧಿಕಾರಿ, ಮೇಷ್ಟರುಗಳು ಕಚ್ಚೆ ಪಂಚೆಯ ಮೇಲೆ ಕರಿ ಕೋಟು ಹಾಕಿ ತಲೆಗೆ ರುಮಾಲು ಸುತ್ತುತ್ತಿದ್ದರು. ಗಾಂಧೀಜಿ 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಅಂಗಿ, ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದರು. ಹಿಂಬಾಲಿಸಿದವರು ಅಷ್ಟು ದೂರ ಹೋಗಲಿಲ್ಲ. ಕೋಟು ಬಿಟ್ಟು ಖಾದಿ ಜುಬ್ಬಕ್ಕೆ ಬಂದು ನಿಂತರು. ಆಗ ಕೊಡಗು ಬ್ರಿಟಿಷರ ನೇರ ಆಡಳಿತದ ಪುಟ್ಟ ಪ್ರಾಂತ್ಯ. 1934ರಲ್ಲಿ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಇಲ್ಲಿಗೂ ಬಂದರು. ನೇರ ಕಟ್ಟಿಂಗಿನ ಜುಬ್ಬ ಖಾದಿಗೆ ಹೇಳಿ ಮಾಡಿಸಿದಂತಿತ್ತು. ಕೈಯಲ್ಲಿ ನೂತ ನೂಲಿನ ಸಡಿಲ ನೇಯ್ಗೆಯನ್ನು ಬಳುಕಾಗಿ ಕತ್ತರಿಸಿದರೆ ಅಂಚಿನ ಎಳೆಗಳು ಬಿಚ್ಚಿಕೊಳ್ಳುತ್ತವೆ. ನೇರ ಸೀಳಿದರೆ ಆ ತೊಂದರೆ ಕಡಿಮೆ.

ಇಂದಿನ ಕುರ್ತಾ ಹೊರಗಿನಿಂದ ಜುಬ್ಬ, ಒಳಗಿನಿಂದ ಶರ್ಟು. ಭುಜಕ್ಕೆ ಇಳಿಜಾರಿನ ಹೊಲಿಗೆ, ತೋಳಿನ ಕಿಂಡಿಗೆ ಬಳುಕು, ಪಕ್ಕದಲ್ಲಿ ಸೊಂಟಕ್ಕೆ ಒಳಸರಿದ ಗೆರೆ. ಕಳಿಯೂ ಇಲ್ಲ, ಕಂಕುಳ ಚೌಕವೂ ಇಲ್ಲ. ಭುಜ ಚೆನ್ನಾಗಿ ಕೂರುತ್ತದೆ, ಎದೆಯ ಮೇಲೆ ಹಳೆಯ ಜುಬ್ಬದ ಸುಕ್ಕು ನಿಲ್ಲುವುದಿಲ್ಲ. ಅದು ನಿಜವಾದ ಲಾಭ, ಹಳೆಯದೆಲ್ಲ ಚೆನ್ನ ಎನ್ನುವವರ ಪಕ್ಷ ನನ್ನದಲ್ಲ. ಬಳುಕಿನ ನಡುವೆ ಚೂರುಗಳು ಹಾಳಾಗುತ್ತವೆ, ಆದರೆ ಅಗಲ ಹೆಚ್ಚಿರುವ ಗಿರಣಿ ಬಟ್ಟೆಯಲ್ಲಿ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ತೊಂದರೆ ಇರುವುದು ತೋಳಿನ ಕಿಂಡಿಯಲ್ಲಿ. ಸಡಿಲವಾಗಿರಲೆಂದು ಅದನ್ನು ಕೆಳಗಿಳಿಸಿದರೆ ಆಗುವುದು ತಿರುಗುಮುರುಗು. ಅಂಗಡಿಯಲ್ಲೇ ಹಾಕಿಕೊಂಡು ಎರಡೂ ಕೈ ತಲೆಯ ಮೇಲೆತ್ತಿ. ಕೆಳಗಿನ ಅಂಚು ಎರಡು ಮೂರು ಇಂಚಿಗಿಂತ ಮೇಲೇರಿದರೆ ಕಿಂಡಿ ತೀರಾ ಕೆಳಗಿದೆ, ಒಂದು ಅಳತೆ ದೊಡ್ಡದನ್ನು ತೆಗೆದುಕೊಂಡರೂ ಅದು ಸರಿಹೋಗದು. ಆಮೇಲೆ ಕುರ್ಚಿಯಲ್ಲಿ ಕೂತು ಪಕ್ಕದ ಸೀಳು ನೋಡಿ. ಅದು ಸೊಂಟದ ಮೂಳೆಯ ಹತ್ತಿರ ಶುರುವಾಗಬೇಕು. ಇನ್ನೂ ಕೆಳಗೆ ಶುರುವಾದರೆ ಕೂತಾಗಲೆಲ್ಲ ಎಳೆದು ಸೀಳಿನ ತುದಿ ಬಿಟ್ಟುಕೊಳ್ಳುತ್ತದೆ.

ಪಂಚೆಗೆ ಆಗಿರುವ ಬದಲಾವಣೆ ಎರಡು ಬಗೆ. ಅಡ್ಡ ಪಂಚೆಗೆ ಸೊಂಟದಲ್ಲಿ ಪಟ್ಟಿ, ವೆಲ್ಕ್ರೋ, ಒಳಗೆ ಮೊಬೈಲಿನ ಜೇಬು. ಇದು ನಿರುಪದ್ರವಿ. ಮದುವೆಯ ಊಟಕ್ಕೆ ಬಡಿಸುವ ಹುಡುಗರಿಗಂತೂ ಪಂಚೆ ಜಾರುವ ಭಯ ತಪ್ಪಿದೆ. ವೆಲ್ಕ್ರೋದ ಕೊಕ್ಕೆಗಳಲ್ಲಿ ನೂಲಿನ ನಾರು ತುಂಬಿದಾಗ ಹಿಡಿತ ಹೋಗುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಿತ್ತರೆ ಮತ್ತೆ ಹಿಡಿಯುತ್ತದೆ. ಒಗೆಯುವಾಗ ಮುಚ್ಚಿಟ್ಟರೆ ಇನ್ನೂ ಒಳ್ಳೆಯದು.

ಹೊಲಿದ ಕಚ್ಚೆ, ಅಂದರೆ ನಿರಿಗೆಯನ್ನೂ ಹಿಂದಿನ ಸಿಕ್ಕನ್ನೂ ಮೊದಲೇ ಹೊಲಿದು ಸೊಂಟಕ್ಕೆ ಎಲಾಸ್ಟಿಕ್ ಹಾಕಿದ್ದು, ಬೇರೆಯೇ ಕಥೆ. ಉಟ್ಟ ಕಚ್ಚೆಯಲ್ಲಿ ಇರದ ತೊಡೆಸಂದಿನ ಹೊಲಿಗೆ ಇದರಲ್ಲಿ ಬರುತ್ತದೆ, ನಿರಿಗೆ ನಿಂತಲ್ಲೇ ನಿಂತುಬಿಡುತ್ತದೆ. ಅದನ್ನು ಸರಿದೂಗಿಸಲು ಧೋತಿ ಪ್ಯಾಂಟುಗಳಲ್ಲಿ ಹೊಲಿಗೆಯನ್ನು ಮೊಣಕಾಲಿನವರೆಗೂ ಇಳಿಬಿಡುತ್ತಾರೆ. ನೆಲದ ಮೇಲೆ ಕೂರಲು ಅಡ್ಡಿಯಿಲ್ಲ, ಆದರೆ ಹೆಜ್ಜೆ ಕಿರಿದಾಗುತ್ತದೆ. ತಲಕಾವೇರಿಯಲ್ಲಿ ಬ್ರಹ್ಮಗಿರಿಗೆ ಹೋಗುವ ಮೆಟ್ಟಿಲುಗಳನ್ನು ಹತ್ತಿದವರಿಗೆ ಇದು ಹೇಳಬೇಕಾಗಿಲ್ಲ. ಹೊಲಿಸುವುದಾದರೆ ಮುಂಭಾಗದ ಸೊಂಟದಿಂದ ಕಾಲುಗಳ ನಡುವೆ ಹಾದು ಹಿಂಭಾಗದ ಸೊಂಟದವರೆಗಿನ ಅಳತೆಯನ್ನು ಕುಕ್ಕರಗಾಲಿನಲ್ಲಿ ಕೂತು ಕೊಡಿ. ನಿಂತು ಕೊಟ್ಟದ್ದಕ್ಕಿಂತ ಕೆಲವು ಇಂಚು ಹೆಚ್ಚು ಬರುತ್ತದೆ, ಕೂತಾಗ ಬಿರಿಯುವುದೂ ಆ ಕೆಲವು ಇಂಚಿಗೇ.

ಕೊಡಗಿನಲ್ಲಿ ಕೊನೆಯ ಮಾತು ಮಳೆಯದು. ಹೊಸ ಹತ್ತಿ ಬಟ್ಟೆ ಮೊದಲ ನೀರಿಗೆ ನೂರಕ್ಕೆ ಐದು ಕುಗ್ಗಿದರೆ ಮೇಲಿನ 80 ಇಂಚಿನಲ್ಲಿ 4 ಇಂಚು ಹೋಯಿತು, ಜುಬ್ಬದ ಉದ್ದದಲ್ಲಿ 2 ಇಂಚು. ಹಾಗಾಗಿ ಕತ್ತರಿಸುವ ಮೊದಲೇ ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಬೇಕು. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಬಿಳಿ ಪಂಚೆ ದಿನಗಟ್ಟಲೆ ಒಣಗದು, ಒದ್ದೆಯಾಗಿ ಮಡಚಿಟ್ಟರೆ ಕಪ್ಪು ಚುಕ್ಕಿಯ ಬೂಷ್ಟು ಹಿಡಿಯುತ್ತದೆ. ಅದು ಎಳೆಯೊಳಗೇ ಬೇರೂರಿದರೆ ಯಾವ ಸೋಪಿಗೂ ಬಿಡುವುದಿಲ್ಲ. ಗಂಜಿ ಹಾಕಿದ ಬಟ್ಟೆಗೆ ಅದು ಇನ್ನೂ ಬೇಗ, ಬೂಷ್ಟಿಗೆ ಗಂಜಿಯೇ ಆಹಾರ. ಆ ತಿಂಗಳುಗಳಲ್ಲಿ ಪಾಲಿಯೆಸ್ಟರ್ ಬೆರೆತ ಪಂಚೆ ಉಡುವ ಹಿರಿಯರನ್ನು ನೋಡಿ ಹತ್ತಿಯ ಅಭಿಮಾನಿಗಳು ಮೂಗು ಮುರಿಯಬೇಕಾಗಿಲ್ಲ. ಕೈಮಗ್ಗದ್ದನ್ನು ಗಂಜಿ ತೊಳೆದು, ಪೂರ್ತಿ ಒಣಗಿಸಿ ಪೆಟ್ಟಿಗೆಯಲ್ಲಿಟ್ಟು, ಮಳೆ ಹಿಂದೆ ಸರಿದು ಬಿಸಿಲು ಬಿದ್ದ ಮೇಲೆ ಮತ್ತೆ ಗಂಜಿ ಹಾಕಿ ಪುತ್ತರಿ ಹಬ್ಬಕ್ಕೆ ತೆಗೆದರಾಯಿತು.