ಹುಲಿಗೆಮ್ಮನ ಉಕಾರ ಎಲ್ಲಿ ಹೋಯಿತು?

ಕೊಪ್ಪಳ ಕಡೆ ಹುಲಿಗೆಮ್ಮ ಅನ್ನುವ ಹೆಸರು ಮನೆಗೊಂದು ಸಿಗುತ್ತದೆ. ತುಂಗಭದ್ರೆಯ ದಂಡೆಯ ಹುಲಿಗಿಯ ದೇವಿಯ ಹೆಸರು ಅದು. ಒಂದು ರೈತ ಗುಂಪಿನ ಸದಸ್ಯರ ಚೀಟಿಗಳನ್ನು ನಾನು ಅಚ್ಚು ಹಾಕಿಸಿ ಕೊಟ್ಟಾಗ, ಒಬ್ಬ ಅಜ್ಜಿ ಮೊಮ್ಮಗಳ ಕೈಯಿಂದ ಓದಿಸಿ ಚೀಟಿ ವಾಪಸ್ ತಂದರು. "ಯಪ್ಪಾ, ನನ್ನ ಹೆಸರಾಗ ಇದೇನೋ ಕರೇ ಗುರುತು ಬಂದೈತಿ ನೋಡು" ಅಂದರು. ಚೀಟಿಯ ಮೇಲೆ ಹೀಗಿತ್ತು: ಹ�ಲಿಗೆಮ�ಮ.

ಆಮೇಲೆ ಉಳಿದ ಚೀಟಿಗಳನ್ನು ನೋಡಿದೆ. ಬಸವರಾಜ ಸರಿಯಾಗಿದ್ದ. ಸವಿತಾ, ಶರಣಗೌಡ, ಕಾಸಿಮಸಾಬ ಎಲ್ಲರೂ ಸರಿ. ಆದರೆ ಯಲ್ಲಪ್ಪ, ಮಲ್ಲಮ್ಮ, ಹನುಮಂತ, ಕುಸುಮಾ, ಇವರೆಲ್ಲರ ಹೆಸರಲ್ಲೂ ಕರಿ ಚೌಕದೊಳಗೆ ಪ್ರಶ್ನೆ ಚಿಹ್ನೆ. ಪೂರ್ತಿ ಕೆಟ್ಟಿದ್ದರೆ ಕಾರಣ ಹುಡುಕುವುದು ಸುಲಭ. ಇಲ್ಲಿ ಎರಡೇ ಎರಡು ಕಡೆ ಪೆಟ್ಟು ಬಿದ್ದಿತ್ತು: ಉಕಾರದ ಕೊಂಬು ಇರುವಲ್ಲಿ, ಒತ್ತಕ್ಷರ ಇರುವಲ್ಲಿ. ಅಪ್ಪ, ಅಮ್ಮ, ಅವ್ವ ಸೇರಿಸಿ ಹೆಸರಿಡುವ ನಮ್ಮ ಸೀಮೆಯಲ್ಲಿ ಹಾಗೆ ಪೆಟ್ಟು ಬಿದ್ದರೆ ಪಟ್ಟಿಯಲ್ಲಿ ಉಳಿಯುವವರು ಕಡಿಮೆ.

ಈ ಎರಡಕ್ಕೇ ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಂಪ್ಯೂಟರಿನಲ್ಲಿ ಕನ್ನಡ ಶುರುವಾದ ಕಾಲಕ್ಕೆ ನಾವೆಲ್ಲ ಅಕ್ಷರ ಉಳಿಸುತ್ತಿರಲಿಲ್ಲ, ಅಕ್ಷರದ ಆಕಾರ ಉಳಿಸುತ್ತಿದ್ದೆವು. ನುಡಿ, ಬರಹ ಫಾಂಟುಗಳ ಹಳೆಯ ಕಡತಗಳಲ್ಲಿ 'ಕನ್ನಡ' ಅನ್ನುವ ಪದ ಒಳಗೆ PÀ£ÀßqÀ ಎಂದೇ ಕೂತಿರುತ್ತಿತ್ತು. ಫಾಂಟು ಹಾಕಿದರೆ ಕನ್ನಡ, ತೆಗೆದರೆ ಈ ಗೊಜಲು. ಈಗಲೂ ಹಳೆಯ ಪಟ್ಟಿಗಳಲ್ಲಿ ಇದು ಸಿಗುತ್ತದೆ. ಆದರೆ ಇದು ಕೆಟ್ಟ ಕಡತ ಅಲ್ಲ, ಬೇರೆ ಲಿಪಿಸಂಕೇತದ ಕಡತ. ಅದಕ್ಕೆ ಪರಿವರ್ತಕ ಬೇಕು ಅಷ್ಟೇ. ನಾನು ಹೇಳುತ್ತಿರುವ ರೋಗ ಬೇರೆ.

ಯೂನಿಕೋಡ್ 1991ರಲ್ಲಿ ಬಂತು. ಪ್ರತಿ ಕನ್ನಡ ಅಕ್ಷರಕ್ಕೂ, ಪ್ರತಿ ಕೊಂಬಿಗೂ, ಒತ್ತಕ್ಷರ ಮೂಡಿಸುವ ಹಲಂತಕ್ಕೂ ಒಂದೊಂದು ಸಂಖ್ಯೆ ಸಿಕ್ಕಿತು. ಮುಂದಿನ ವರ್ಷ ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ವಿಧಾನ ಹುಟ್ಟಿತು. ಈ ವಿಧಾನದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಮೊದಲನೆಯದು ಯಾವಾಗಲೂ `e0`. ಎರಡನೆಯದು `b2` ಅಥವಾ `b3`. ಮೂರನೆಯದು ಮಾತ್ರ ಚಿಹ್ನೆಗೆ ತಕ್ಕಂತೆ ಬದಲಾಗುತ್ತದೆ. 'ಹು' ಅಂದರೆ ಹಕಾರ ಮತ್ತು ಕೊಂಬು, ಎರಡು ಚಿಹ್ನೆ, ಆರು ಬೈಟು:

```
e0 b2 b9  e0 b3 81
```

ಇತ್ತ ವಿಂಡೋಸಿನಲ್ಲಿ ಅದಕ್ಕೂ ಹಳೆಯ ಇನ್ನೊಂದು ಕೋಷ್ಟಕ ಇದೆ, ವಿಂಡೋಸ್-1252. ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ್ದು. ಅದರಲ್ಲಿ ಒಂದು ಬೈಟಿಗೆ ಒಂದೇ ಅಕ್ಷರ. ನಮ್ಮಲ್ಲಿ ಮಾರುವ ಕಂಪ್ಯೂಟರುಗಳನ್ನು ಭಾರತದ ಇಂಗ್ಲಿಷಿಗೆ ಹೊಂದಿಸಿದ್ದರೆ, ಹಳೆಯ ರೀತಿಯ ಕಡತಗಳಿಗೆ ಅವು ಈ ಕೋಷ್ಟಕವನ್ನೇ ಬಳಸುತ್ತವೆ. ಕನ್ನಡಕ್ಕೆ ಅಂತಹ ಒಂದು ಬೈಟಿನ ಕೋಷ್ಟಕವನ್ನು ವಿಂಡೋಸ್ ಪೂರ್ವನಿಯೋಜಿತವಾಗಿ ಯಾವತ್ತೂ ಇಟ್ಟಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಬಂದಾಗಲೇ ಅದು ನೇರ ಯೂನಿಕೋಡ್ ಆಗಿ ಬಂತು.

ಇನ್ನು ನಮ್ಮ ಹೆಸರುಗಳ ಪಟ್ಟಿ ಇದ್ದ ಸಿಎಸ್‌ವಿ ಕಡತ. ಅದು ಬರೀ ಸಾಲುಗಳು ಮತ್ತು ಅಲ್ಪವಿರಾಮಗಳು. ನಾನು ಯಾವ ಸಂಕೇತದಲ್ಲಿ ಬರೆದಿದ್ದೇನೆ ಎಂದು ಹೇಳಿಕೊಳ್ಳಲು ಆ ಕಡತದೊಳಗೆ ಜಾಗವೇ ಇಲ್ಲ. ಹಾಗಾಗಿ ತೆರೆಯುವವರು ಊಹೆ ಮಾಡಬೇಕು. ಕಡತದ ಮೇಲೆ ಎರಡು ಸಲ ಒತ್ತಿದರೆ ಎಕ್ಸೆಲ್ ಮೊದಲ ಮೂರು ಬೈಟುಗಳನ್ನು ನೋಡುತ್ತದೆ. ಅಲ್ಲಿ `ef bb bf` ಇದ್ದರೆ ಯುಟಿಎಫ್-8 ಅಂದುಕೊಳ್ಳುತ್ತದೆ. ಇಲ್ಲದಿದ್ದರೆ ಹಳೆಯ ಕೋಷ್ಟಕಕ್ಕೆ ಹೋಗುತ್ತದೆ. ಆಗ `e0` ಬೈಟು à ಆಗುತ್ತದೆ, `b2` ಎಂಬುದು ² ಆಗುತ್ತದೆ, `b3` ಎಂಬುದು ³ ಆಗುತ್ತದೆ. ಹುಲಿಗೆಮ್ಮ ಹೀಗೆ ಕಾಣುತ್ತಾಳೆ:

```
à²¹à³à²²à²¿à²—à³†à²®à³à²®
```

ಪಟ್ಟಿಯ ತುಂಬ à² à³ ಕಂಡರೆ ಗಾಬರಿ ಬೇಡ. ಬೈಟುಗಳು ಇನ್ನೂ ಜೀವಂತ ಇವೆ, ಓದುವ ಕೋಷ್ಟಕ ತಪ್ಪಾಗಿದೆ ಅಷ್ಟೇ. ಉಳಿಸದೆ ಮುಚ್ಚಿದರೆ ಏನೂ ಹಾಳಾಗುವುದಿಲ್ಲ.

ಆದರೆ ಮೇಲಿನ ಸಾಲನ್ನು ಎಣಿಸಿ ನೋಡಿ. ಹುಲಿಗೆಮ್ಮ ಅಂದರೆ 9 ಚಿಹ್ನೆ, 27 ಬೈಟು. ಕಣ್ಣಿಗೆ ಕಾಣುವುದು 25. ಎರಡು ಕಾಣುತ್ತಿಲ್ಲ ಅಲ್ವಾ? ಅವೇ ಕೊಂಬು ಮತ್ತು ಒತ್ತಿನ ಮೂರನೆಯ ಬೈಟುಗಳು, `81` ಮತ್ತು `8d`. ವಿಂಡೋಸ್-1252 ಕೋಷ್ಟಕದಲ್ಲಿ ಐದು ಮನೆಗಳನ್ನು ಖಾಲಿ ಬಿಟ್ಟಿದ್ದಾರೆ: `81`, `8d`, `8f`, `90`, `9d`. ಉಕಾರದ ಕೊಂಬು ಮೊದಲನೆಯ ಖಾಲಿ ಮನೆಯಲ್ಲಿ ಬಿತ್ತು, ಹಲಂತ ಎರಡನೆಯದರಲ್ಲಿ. ಏ, ಐ, ಝ ಉಳಿದ ಮೂರರಲ್ಲಿ. ಯಾರೂ ಬೇಕಂತ ಮಾಡಿದ್ದಲ್ಲ. ಎರಡು ಕೋಷ್ಟಕಗಳನ್ನು ಮಾಡಿದವರಿಗೆ ಇವು ಒಂದರ ಮೇಲೊಂದು ಕೂರುತ್ತವೆ ಅನ್ನುವ ಯೋಚನೆಯೇ ಇರಲಿಲ್ಲ. ದೀರ್ಘದ ೀ ಚಿಹ್ನೆಯ ಕೊನೆಯ ಬೈಟು `80`. ಆ ಮನೆಯೂ ಮೊದಲು ಖಾಲಿ ಇತ್ತು. ಯುರೋ ನಾಣ್ಯದ ಗುರುತು ಬಂದು ಅಲ್ಲಿ ಕೂತ ಮೇಲೆ ಅದು ಪಾರಾಯಿತು. ಹೀಗಾಗಿ ಭೀಮರಾಯನಿಗೆ ಏನೂ ಆಗಲಿಲ್ಲ, ಭೀಮಪ್ಪನಿಗೆ ಆಯಿತು.

ಖಾಲಿ ಮನೆಯ ಬೈಟನ್ನು ಏನು ಮಾಡಬೇಕು ಅನ್ನುವುದರಲ್ಲಿ ಎಲ್ಲರದೂ ಒಂದೇ ದಾರಿ ಅಲ್ಲ. ವಿಂಡೋಸ್ ಅದನ್ನು ಕಾಣದ ಚಿಹ್ನೆಯಾಗಿ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಪೈಥಾನ್ ಒಪ್ಪುವುದಿಲ್ಲ, ನಿಂತುಬಿಡುತ್ತದೆ. ನನ್ನ ಕೆಲಸ ಹಾಳಾಗಿದ್ದು ಇಲ್ಲೇ. ಪಟ್ಟಿಯನ್ನು ಹಳ್ಳಿವಾರು ಬೇರೆ ಮಾಡಲು ವಿಂಡೋಸ್ ಕಂಪ್ಯೂಟರಿನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದೆ. ಸಂಕೇತ ಯಾವುದು ಎಂದು ಹೇಳಿರಲಿಲ್ಲ. ಪೈಥಾನ್ ಸುಮ್ನೆ 1252 ಎತ್ತಿಕೊಂಡಿತು. ಮೊದಲ ಕೊಂಬು ಬರುತ್ತಲೇ ನಿಂತಿತು:

```
'charmap' codec can't decode byte 0x81
```

ಆಗ ನಾನು ಸೇರಿಸಿದ್ದು ಇದು:

```python
f = open('hesaru.csv', errors='ignore')
```

ದೋಷ ಮಾಯವಾಯಿತು. ಅದರ ಜೊತೆ ಪಟ್ಟಿಯಲ್ಲಿದ್ದ ಪ್ರತಿ `81`, ಪ್ರತಿ `8d` ಕೂಡ ಮಾಯವಾದವು. ಬರೆಯುವಾಗಲೂ ಪೈಥಾನ್ ಅದೇ 1252 ಬಳಸಿತು. ಓದುವಾಗಿನ ತಪ್ಪು, ಬರೆಯುವಾಗಿನ ತಪ್ಪು ಒಂದನ್ನೊಂದು ಕಳೆದುಕೊಂಡು ಉಳಿದ ಬೈಟುಗಳೆಲ್ಲ ಮೊದಲಿನಂತೆಯೇ ಹೊರಬಂದವು. ಚೀಟಿ ಅಚ್ಚು ಹಾಕುವ ತಂತ್ರಾಂಶ ಕಡತವನ್ನು ಯುಟಿಎಫ್-8 ಎಂದು ಸರಿಯಾಗಿಯೇ ಓದಿತು. ಅದಕ್ಕೇ ಬಸವರಾಜ ಚೆನ್ನಾಗಿ ಬಂದ. ನಾನು ಪರೀಕ್ಷೆಗೆ ನೋಡಿದ ಮೊದಲ ಕೆಲವು ಹೆಸರುಗಳಲ್ಲಿ ಕೊಂಬೂ ಇರಲಿಲ್ಲ, ಒತ್ತೂ ಇರಲಿಲ್ಲ.

ಬರೆಯಬೇಕಾಗಿದ್ದು ಇಷ್ಟೇ:

```python
f = open('hesaru.csv', encoding='utf-8-sig', newline='')
```

ಇಲ್ಲಿ `-sig` ಅನ್ನುವುದು ಆ `ef bb bf` ಗುರುತಿಗೆ ಸಂಬಂಧಿಸಿದ್ದು. ಓದುವಾಗ ಗುರುತು ಇದ್ದರೆ ತೆಗೆದುಬಿಡುತ್ತದೆ, ಬರೆಯುವಾಗ ಸೇರಿಸುತ್ತದೆ. ಬರೆಯುವಾಗ ಹಾಕಿದರೆ ಎಕ್ಸೆಲ್ ಎರಡು ಸಲ ಒತ್ತಿದರೂ ಕನ್ನಡ ತೋರಿಸುತ್ತದೆ. ಒಂದು ತೊಂದರೆ ಇದೆ. ಆ ಗುರುತು ಇರುವ ಕಡತವನ್ನು ಬರೀ `utf-8` ಎಂದು ಓದಿದರೆ ಮೊದಲ ಕಾಲಮ್ಮಿನ ತಲೆಬರಹಕ್ಕೆ ಕಾಣದ ಚಿಹ್ನೆಯೊಂದು ಅಂಟಿಕೊಳ್ಳುತ್ತದೆ. ಆಗ 'ಹೆಸರು' ಎಂಬ ಕಾಲಮ್ಮೇ ಇಲ್ಲ ಅನ್ನುತ್ತದೆ ಪ್ರೋಗ್ರಾಮ್.

ಎಕ್ಸೆಲ್‌ನಲ್ಲೇ ಉಳಿಸುವವರು `CSV UTF-8 (Comma delimited)` ಆರಿಸಬೇಕು. ಬರೀ `CSV (Comma delimited)` ಆರಿಸಿದರೆ 1252ರಲ್ಲಿ ಇಲ್ಲದ ಅಕ್ಷರಗಳೆಲ್ಲ ? ಆಗುತ್ತವೆ. ಸರಿಯಾಗಿ ಕಾಣುತ್ತಿದ್ದ ಹುಲಿಗೆಮ್ಮ ಒಂಬತ್ತು ಪ್ರಶ್ನೆ ಚಿಹ್ನೆಯಾಗುತ್ತಾಳೆ. ಅವಳನ್ನು ಆ ಕಡತದಿಂದ ಯಾರೂ ವಾಪಸ್ ತರಲಾರರು.

ಹಾಗಾದರೆ ನಿಮ್ಮ ಕಡತ ಯಾವ ಸ್ಥಿತಿಯಲ್ಲಿದೆ ಅಂತ ತಿಳಿಯುವುದು ಹೇಗೆ? ಪರದೆಯ ಮೇಲೆ ಕಾಣುವುದನ್ನು ನಂಬಬೇಡಿ, ಬೈಟು ನೋಡಿ. ವಿಂಡೋಸಿನ ಪವರ್‌ಶೆಲ್‌ನಲ್ಲಿ ಇದು ಸಾಕು:

```
Format-Hex hesaru.csv
```

ಸಾಲುಸಾಲಾಗಿ `e0 b2`, `e0 b3` ಬಂದರೆ ಕಡತದಲ್ಲಿ ಕನ್ನಡ ಇದೆ. `c3 a0 c2 b2` ಬಂದರೆ ಯಾರೋ ಗೊಜಲನ್ನೇ ಅಕ್ಷರ ಅಂದುಕೊಂಡು ಇನ್ನೊಂದು ಸಲ ಯುಟಿಎಫ್-8 ಮಾಡಿದ್ದಾರೆ. ಒಂದು ಪದರ ಬಿಚ್ಚಿದರೆ ಸರಿಹೋಗುತ್ತದೆ, ಕಾಣದ ಚಿಹ್ನೆಗಳು ಉಳಿದಿದ್ದರೆ ಮಾತ್ರ. `3f 3f 3f` ಬಂದರೆ ಮುಗಿಯಿತು, ಅವು ನಿಜವಾದ ಪ್ರಶ್ನೆ ಚಿಹ್ನೆಗಳು.

ನನ್ನ ಕಡತದಲ್ಲಿ ಕಂಡಿದ್ದು `e0 b2 b9 e0 b3 e0 b2 b2`. ಸರಿಯಾದ ಕನ್ನಡದಲ್ಲಿ `e0 b3` ಆದ ತಕ್ಷಣ ಇನ್ನೊಂದು `e0` ಬರಲು ಸಾಧ್ಯವೇ ಇಲ್ಲ. ಮಧ್ಯೆ ಒಂದು ಬೈಟು ಬಿದ್ದುಹೋಗಿದೆ ಅಂತ ಅರ್ಥ.

ಮೂಲ ಕಡತ ಇದ್ದಿದ್ದರೆ ಅದಕ್ಕೆ ಹೋಗುತ್ತಿದ್ದೆ. ಅದರ ಮೇಲೆಯೇ ಹೊಸದನ್ನು ಉಳಿಸಿಬಿಟ್ಟಿದ್ದೆ, ಹೆಸರು ತುಂಬಿಸಿಕೊಂಡಿದ್ದ ಆನ್‌ಲೈನ್ ಫಾರ್ಮ್ ಕೂಡ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಆದರೂ ಒಂದು ದಾರಿ ಉಳಿದಿತ್ತು. ಕಳೆದುಹೋಗಬಹುದಾದ ಬೈಟುಗಳು ಐದೇ. `e0 b3` ನಂತರ ಕಳೆದಿದ್ದರೆ, ಇವತ್ತಿನ ಬರವಣಿಗೆಯಲ್ಲಿ ಅದು ಒಂದೋ ಕೊಂಬು, ಇಲ್ಲವೋ ಹಲಂತ. ಮೂರನೆಯದು ಇಲ್ಲ. `e0 b2` ನಂತರ ಕಳೆದಿದ್ದರೆ ಏ, ಐ, ಝ ಇವುಗಳಲ್ಲೊಂದು. ಪರದೆಯ ಮೇಲಿನ � ಇದ್ಯಾವುದನ್ನೂ ಹೇಳುವುದಿಲ್ಲ. ಆದ್ದರಿಂದ � ಬಂದ ಪಠ್ಯವನ್ನು ಉಳಿಸದೆ ಬೈಟುಗಳ ಕಡತವನ್ನೇ ಇಟ್ಟುಕೊಳ್ಳಬೇಕು.

ಖಾಲಿ ಜಾಗದ ಎರಡೂ ಕಡೆ ಒಂದೇ ವ್ಯಂಜನ ಇದ್ದರೆ ಹಲಂತ ಹಾಕು ಅನ್ನುವ ನಿಯಮ ಮಾಡಿದೆ. ಯಲ್ಲಪ್ಪ, ಮಲ್ಲಮ್ಮ, ಯಂಕವ್ವ ಒಂದೇ ಏಟಿಗೆ ಸರಿಹೋದರು. ಪಟ್ಟಿಯ ಬಹುಪಾಲು ಹಾಗೇ ಮುಗಿಯಿತು. ಆಮೇಲೆ ಮುಮ್ತಾಜ್ 'ಮ್ಮ' ಎಂದು ಶುರುವಾಗಿ ಕೂತಿದ್ದಳು. ಕನ್ನಡದಲ್ಲಿ ಹೆಸರಿನ ಮೊದಲ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬರುವುದಿಲ್ಲ ಅಂತ ಇನ್ನೊಂದು ನಿಯಮ ಸೇರಿಸಿದೆ. ಹನುಮಂತ, ಕುಸುಮಾ, ಹುಲಿಗೆಮ್ಮ ಇವರ ಕೊಂಬುಗಳನ್ನು ಒಂದೊಂದಾಗಿ ಓದಿ ತುಂಬಿದೆ. ಎರಡು ಖಾಲಿ ಜಾಗ ಇದ್ದರೆ ನಾಲ್ಕು ಸಾಧ್ಯತೆ, ಅದರಲ್ಲಿ ಹೆಸರು ಅನ್ನಿಸುವುದು ಒಂದೇ.

ಒಂದು ಹೆಸರಿಗೆ ಮಾತ್ರ ಯಾವ ನಿಯಮವೂ ಸಾಲಲಿಲ್ಲ. ದ, ಖಾಲಿ, ರ, ಖಾಲಿ, ಗಪ್ಪ. ನಮ್ಮ ಕಡೆ ದುರುಗಪ್ಪನೂ ಇದ್ದಾರೆ, ದುರ್ಗಪ್ಪನೂ ಇದ್ದಾರೆ. ಎರಡೂ ನಿಜವಾದ ಹೆಸರು, ಬೈಟುಗಳಲ್ಲಿ ಒಂದೇ ಥರದ ಗಾಯ. ಪಟ್ಟಿಯಲ್ಲಿ ಅಂಥ ಹೆಸರಿನ ಎದುರು ಇದ್ದ ಫೋನ್ ನಂಬರಿಗೆಲ್ಲ ಕರೆ ಮಾಡಿ, ಆಧಾರ್ ಕಾರ್ಡಿನಲ್ಲಿ ಹೇಗಿದೆ ಓದಿ ಹೇಳ್ರಿ ಅಂತ ಕೇಳಿದೆ. ಒಬ್ಬರು ಹೊಲದಲ್ಲಿದ್ದರು. ಸಂಜೆ ಮನೆಗೆ ಹೋಗಿ ನೋಡಿ, ಅವರೇ ತಿರುಗಿ ಫೋನ್ ಮಾಡಿದರು. "ದು, ರು, ಗ, ಪ್ಪ. ಬರಕೊಳ್ರಿ" ಅಂದರು.